ಕಣ್ಣಿಗೆ ಕಪ್ಪುಪಟ್ಟಿ ಹಾಕಿದರೆ ರೋಗಿಯ ಗುರುತು ಮರೆಯಾಗದು

ಪ್ರಶ್ನೆ: ನಾನು ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಕಿರಿಯ ವೈದ್ಯ. ಕಟ್ಟುಹಾವು ಕಡಿದು, ಉಸಿರಾಟ ನಿಂತು, ವೆಂಟಿಲೇಟರ್ ಮೇಲಿದ್ದು ಗುಣವಾದ ರೋಗಿಯೊಬ್ಬರ ಪ್ರಕರಣ ವರದಿ ಬರೆದಿದ್ದೇನೆ. ಹೆಸರಿನ ಬದಲು ಇನಿಷಿಯಲ್ ಬಳಸಿದ್ದೇನೆ, ಫೋಟೋದಲ್ಲಿ ಕಣ್ಣಿಗೆ ಕಪ್ಪುಪಟ್ಟಿ ಹಾಕಿದ್ದೇನೆ. ಇಷ್ಟು ಸಾಕಲ್ಲವೇ ಸರ್?

ಉತ್ತರ: ಸಾಲದು. ಇನಿಷಿಯಲ್ ಕೂಡ ಗುರುತೇ ಎಂದೂ, ಕಣ್ಣಿನ ಭಾಗವನ್ನು ಮುಚ್ಚಿದರೆ ಮುಖ ಮರೆಯಾಗುವುದಿಲ್ಲ ಎಂದೂ ವೈದ್ಯಕೀಯ ನಿಯತಕಾಲಿಕಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಶಿಫಾರಸುಗಳಲ್ಲಿ ಸ್ಪಷ್ಟವಾಗಿಯೇ ಬರೆದಿದೆ. ಆದರೂ ನನ್ನ ಮೇಜಿಗೆ ಪರಿಶೀಲನೆಗೆ ಬರುವ ಕರಡುಗಳಲ್ಲಿ ಈ ಕಪ್ಪುಪಟ್ಟಿ ತಪ್ಪುವುದೇ ಇಲ್ಲ. ನಿಮ್ಮ ಪ್ರಕರಣದಲ್ಲಂತೂ ಅದು ಎರಡು ಸಲ ಕೆಟ್ಟಿದೆ. ಕಟ್ಟುಹಾವಿನ ವಿಷ ಏರಿದವರಲ್ಲಿ ಮೊದಲು ಕಾಣುವುದೇ ಜೋತುಬಿದ್ದ ರೆಪ್ಪೆ. ತೋರಿಸಬೇಕಾದ ಲಕ್ಷಣವನ್ನು ಮುಚ್ಚಿ, ಮುಚ್ಚಬೇಕಾದ ಮೂಗು, ಮೀಸೆ, ಗದ್ದಗಳನ್ನು ತೆರೆದಿಟ್ಟಿದ್ದೀರಿ.

ಪ್ರಕರಣ ವರದಿಯ ಭಾಗಗಳು ಯಾವುವೆಂಬುದನ್ನು ಇಲ್ಲಿ ಹೇಳುತ್ತಾ ಕೂರುವುದಿಲ್ಲ. 2013ರ ಕೇರ್ ಮಾರ್ಗಸೂಚಿಯನ್ನು ಓದಿಕೊಳ್ಳಿ. ವಿದ್ಯಾರ್ಥಿಗಳಿಗೆ ಕಲಿಸಲೆಂದು ನಾನೇ ಕಟ್ಟಿಕೊಂಡಿರುವ ಒಬ್ಬ ಕಾಲ್ಪನಿಕ ರೋಗಿಯನ್ನು ಇಟ್ಟುಕೊಂಡು ವಿವರಿಸುತ್ತೇನೆ. ಅಂಥ ಕರಡಿನ ಮೊದಲ ವಾಕ್ಯ ಸಾಮಾನ್ಯವಾಗಿ ಹೀಗಿರುತ್ತದೆ: "ಇಂಥ ಗ್ರಾಮದ, 43 ವರ್ಷದ, ಗ್ರಾಮ ಪಂಚಾಯಿತಿ ಸದಸ್ಯರಾದ ಶ್ರೀ ಕೆ.ಎಂ. ಎಂಬವರನ್ನು ಜುಲೈ 14ರ ಬೆಳಗಿನ ಜಾವ 5 ಗಂಟೆಗೆ ಕರೆತರಲಾಯಿತು." ಇದರಲ್ಲಿ ಇನಿಷಿಯಲ್ ತೆಗೆದರೂ ಆ ಊರಿನಲ್ಲಿ ಈ ವ್ಯಕ್ತಿ ಯಾರೆಂದು ತಿಳಿಯದವರು ಯಾರೂ ಇರುವುದಿಲ್ಲ. ಊರಿನ ಹೆಸರನ್ನು ಅಳಿಸಿದರೂ ಲೇಖಕರ ಹೆಸರಿನ ಕೆಳಗೆ ನಿಮ್ಮ ಆಸ್ಪತ್ರೆಯ ವಿಳಾಸವಿರುತ್ತದೆ, ಅದನ್ನು ತೆಗೆಯುವಂತಿಲ್ಲ. ಆ ವಿಳಾಸಕ್ಕೆ ಒಂದು ತಾರೀಖು ಮತ್ತು ಒಂದು ಅಪರೂಪದ ಘಟನೆ ಸೇರಿದರೆ, ಆ ವಾರದ ಸ್ಥಳೀಯ ಪತ್ರಿಕೆಯನ್ನು ಹುಡುಕಿದವರಿಗೆ ಹೆಸರು, ಫೋಟೋ ಎರಡೂ ಸಿಗುತ್ತವೆ. ಒಂದೊಂದೇ ವಿವರ ನಿರುಪದ್ರವಿಯಾಗಿ ಕಂಡರೂ ಅವು ಒಟ್ಟುಗೂಡಿದಾಗ ಗುರುತಾಗುತ್ತದೆ ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ.

ಆದ್ದರಿಂದ ಪ್ರತಿಯೊಂದು ವಿವರದ ಮುಂದೆಯೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ತೆಗೆದರೆ ಓದುವ ವೈದ್ಯರ ರೋಗನಿರ್ಣಯ ಬದಲಾಗುತ್ತದೆಯೇ? ಪಂಚಾಯಿತಿ ಸದಸ್ಯತ್ವ ಹೋದರೆ ಏನೂ ಬದಲಾಗದು, ತೆಗೆಯಿರಿ. 43 ಎಂಬುದು "ನಲವತ್ತು ದಾಟಿದ ವಯಸ್ಕ" ಎಂದಾಗಬಹುದು. ತಾರೀಖಿನ ಬದಲು ಮೊದಲ ದಿನ, ಎರಡನೆಯ ದಿನ ಎಂದು ಎಣಿಸಿ. ಆದರೆ ಮಳೆಗಾಲ, ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದದ್ದು, ಬೆಳಗಿನ ಜಾವ ಎಚ್ಚರವಾದದ್ದು, ಈ ಮೂರನ್ನು ತೆಗೆದರೆ ವರದಿಯೇ ಸತ್ತುಹೋಗುತ್ತದೆ, ಏಕೆಂದರೆ ರಾತ್ರಿ ಸಂಚರಿಸುವ ಕಟ್ಟುಹಾವಿನ ಸುಳಿವು ಇರುವುದೇ ಅಲ್ಲಿ. ಇನ್ನು ಕೆಲವರು ಗುರುತು ಮರೆಸಲೆಂದು ಗಂಡಸನ್ನು ಹೆಂಗಸಾಗಿಸುತ್ತಾರೆ, 43ನ್ನು 58 ಮಾಡುತ್ತಾರೆ, ಇಬ್ಬರು ರೋಗಿಗಳ ಕಥೆಯನ್ನು ಒಂದಾಗಿ ಹೊಸೆಯುತ್ತಾರೆ. ಇದು ಗೋಪ್ಯತೆಯಲ್ಲ, ಸುಳ್ಳು ದಾಖಲೆ. ನನ್ನ ಕಾಲ್ಪನಿಕ ರೋಗಿ ಪಾಠಕ್ಕೆ ಸರಿ, ಪ್ರಕರಣ ವರದಿಗೆ ಅಲ್ಲ. ವಿವರವನ್ನು ಬಿಡಬಹುದು, ಬದಲಿಸಬಾರದು.

ಈಗ ರೋಗಲಕ್ಷಣಗಳ ಭಾಗಕ್ಕೆ ಬನ್ನಿ. ನನ್ನ ರೋಗಿ ನಸುಕಿನಲ್ಲಿ ಹೊಟ್ಟೆನೋವು ಮತ್ತು ವಾಂತಿಯೆಂದು ಎದ್ದರು, ಎರಡು ಗಂಟೆಗಳಲ್ಲಿ ರೆಪ್ಪೆ ಜೋತುಬಿತ್ತು, ನುಂಗಲು ಕಷ್ಟವಾಯಿತು, ಮಾತು ತೊದಲಿತು. ಮೈಮೇಲೆ ಕಚ್ಚಿದ ಗುರುತಾಗಲಿ ಬಾವಾಗಲಿ ಇರಲಿಲ್ಲ. ನಿಮ್ಮ ಕರಡು ಬಹುಶಃ "ಕಟ್ಟುಹಾವು ಕಡಿದ ರೋಗಿ" ಎಂದೇ ಆರಂಭವಾಗುತ್ತದೆ. ಹಾಗೆ ಬರೆಯಬೇಡಿ. ಬಾಗಿಲಲ್ಲಿ ನಿಂತಿದ್ದಾಗ ನಿಮಗೆ ಗೊತ್ತಿದ್ದದ್ದನ್ನು ಮಾತ್ರ, ಗೊತ್ತಾದ ಕ್ರಮದಲ್ಲೇ ಬರೆಯಿರಿ. ಪಾರ್ಶ್ವವಾಯು ಎಂದುಕೊಂಡು ಮೊದಲು ತಲೆಯ ಸಿ.ಟಿ. ಮಾಡಿಸಿದ್ದರೆ ಅದನ್ನೂ ಮುಚ್ಚಿಡದೆ ಬರೆಯಿರಿ. ಓದುವವರು ಎಡವುವುದೂ ಅಲ್ಲಿಯೇ.

ಪರೀಕ್ಷೆಗಳ ಭಾಗದಲ್ಲಿ ಲ್ಯಾಬ್ ವರದಿಯನ್ನು ಇಡಿಯಾಗಿ ತಂದು ಸುರಿಯುವುದು ಎಲ್ಲರ ಚಾಳಿ. ಬೇಕಾದದ್ದು ನಿರ್ಣಯವನ್ನು ಅತ್ತ ಅಥವಾ ಇತ್ತ ತಳ್ಳಿದ ಫಲಿತಾಂಶಗಳು ಮಾತ್ರ. 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಸಹಜವಾಗಿತ್ತು ಎಂದರೆ ಮಂಡಲದ ಹಾವಿನ ಸಂಭವ ಹಿಂದೆ ಸರಿಯುತ್ತದೆ. ಆದರೆ ಅದನ್ನು ಸ್ವಚ್ಛವಾದ, ಒಣಗಿದ ಗಾಜಿನ ನಳಿಕೆಯಲ್ಲಿ ಮಾಡಿದಿರೆಂದು ಬರೆಯದಿದ್ದರೆ ನಾನು ಕೇಳಿಯೇ ಕೇಳುತ್ತೇನೆ, ಏಕೆಂದರೆ ರಕ್ತ ಹೆಪ್ಪುಗಟ್ಟಲು ಗಾಜಿನ ಮೇಲ್ಮೈಯೇ ಪ್ರಚೋದನೆ, ಪ್ಲಾಸ್ಟಿಕ್ ನಳಿಕೆಯ ಫಲಿತಾಂಶ ನಂಬಲಾಗದು. ಒಂದೇ ಉಸಿರಿನಲ್ಲಿ ರೋಗಿ ಎಷ್ಟರವರೆಗೆ ಎಣಿಸಿದರೆಂಬುದನ್ನು ಗಂಟೆಗಂಟೆಗೂ ಬರೆದಿಟ್ಟಿದ್ದರೆ ಅದೊಂದು ಪುಟ್ಟ ಕೋಷ್ಟಕ ಹತ್ತು ಲ್ಯಾಬ್ ಚೀಟಿಗಳಿಗಿಂತ ಹೆಚ್ಚು ಹೇಳುತ್ತದೆ: 22, ನಂತರ 14, ನಂತರ 6, ಅಲ್ಲಿಗೆ ಉಸಿರಾಟದ ನಳಿಕೆ ಹಾಕಲಾಯಿತು.

ಚಿಕಿತ್ಸೆಯಲ್ಲಿ ಪ್ರಮಾಣ, ಮಾರ್ಗ, ಸಮಯ ಈ ಮೂರೂ ಇರಲೇಬೇಕು. "ಪ್ರತಿವಿಷ ನೀಡಲಾಯಿತು" ಎಂದರೆ ಏನೂ ಹೇಳಿದಂತಾಗಲಿಲ್ಲ. ನನ್ನ ರೋಗಿಗೆ ಬಹುವಿಷ ಪ್ರತಿವಿಷದ 10 ವಯಲ್‌ಗಳನ್ನು ಸಲೈನ್‌ನಲ್ಲಿ ಬೆರೆಸಿ ಒಂದು ಗಂಟೆಯಲ್ಲಿ ರಕ್ತನಾಳದ ಮೂಲಕ ಕೊಡಲಾಯಿತು, ಅಡ್ರಿನಲಿನ್ ಸಿರಿಂಜಿನಲ್ಲಿ ಸಿದ್ಧವಿತ್ತು. ಅಟ್ರೊಪಿನ್ ಜೊತೆ ನಿಯೊಸ್ಟಿಗ್ಮಿನ್ ಒಮ್ಮೆ ಪರೀಕ್ಷಾರ್ಥ ಕೊಟ್ಟು, ಒಂದು ಗಂಟೆಯಲ್ಲಿ ಸುಧಾರಣೆ ಕಾಣದೆ ನಿಲ್ಲಿಸಲಾಯಿತು. ಫಲಿಸದ ಮದ್ದನ್ನೂ ಬರೆಯಬೇಕು, ಏಕೆಂದರೆ ಕಟ್ಟುಹಾವಿನ ಬೀಟಾ ಬಂಗರೊಟಾಕ್ಸಿನ್ ನರದ ತುದಿಯನ್ನೇ ಹಾಳುಮಾಡುತ್ತದೆ. ಆ ತುದಿ ಮತ್ತೆ ಬೆಳೆಯುವವರೆಗೆ ನಿಯೊಸ್ಟಿಗ್ಮಿನ್‌ನಿಂದ ಹೆಚ್ಚು ಪ್ರಯೋಜನವಿಲ್ಲ, ಆಗಿಹೋದ ಹಾನಿಯನ್ನು ಪ್ರತಿವಿಷವೂ ಹಿಂದಕ್ಕೆ ತರಲಾರದು.

ಆಸ್ಪತ್ರೆಗೆ ಬರುವ ಮುನ್ನ ರೋಗಿಯನ್ನು ಮಂತ್ರ ಹಾಕುವವರ ಬಳಿಗೆ ಕರೆದೊಯ್ದಿದ್ದರೆ ಅದನ್ನು ಸಂಕೋಚದಿಂದ ಬಿಡಬೇಡಿ. ಕಚ್ಚಿದ ಗುರುತಿಲ್ಲವೆಂದು "ಗಾಳಿ ಸೋಕಿದೆ" ಎನ್ನುವವರು, ವಿಷ ಹೀರುವ ಕಲ್ಲು ಅಂಟಿಸುವವರು, ಹಗ್ಗದಿಂದ ಬಿಗಿಯಾಗಿ ಕಟ್ಟಿ ಬ್ಲೇಡಿನಿಂದ ಕೊಯ್ಯುವವರು ಇವರೆಲ್ಲ ಹೆಸರು ಗಳಿಸಿರುವುದು ವಿಷವಿಲ್ಲದ ಹಾವುಗಳಿಂದ ಮತ್ತು ಮೈಗೆ ವಿಷ ಸೇರದ ಕಡಿತಗಳಿಂದ. ಅಲ್ಲಿ ಎಷ್ಟು ಗಂಟೆ ಕಳೆಯಿತೆಂಬುದು ವೈದ್ಯಕೀಯ ಮಾಹಿತಿ, ಅದು ಇರಲಿ. ಆದರೆ ಮಂತ್ರವಾದಿಯ ಹೆಸರು, ಊರು, ಆ ದೇವಸ್ಥಾನ ಯಾವುದೆಂಬುದು ಬೇಡ. ಅವು ಅವನಿಗಿಂತ ಮೊದಲು ನಿಮ್ಮ ರೋಗಿಯನ್ನೇ ಗುರುತಿಸಿಕೊಡುತ್ತವೆ.

ಫಲಿತಾಂಶವನ್ನು "ಗುಣಮುಖರಾದರು" ಎಂದು ಮುಗಿಸಬೇಡಿ. ಐದು ದಿನ ವೆಂಟಿಲೇಟರ್, ಆರನೆಯ ದಿನ ನಳಿಕೆ ತೆಗೆದದ್ದು, ಹತ್ತನೆಯ ದಿನ ಬಿಡುಗಡೆ, ಒಂದು ತಿಂಗಳ ಬಳಿಕ ರೋಗಿ ಎದ್ದು ನಡೆದು ಬಂದದ್ದು: ಇಷ್ಟು ಬೇಕು. ಕಲಿಕೆಯ ಅಂಶಗಳು ಇದೇ ಪ್ರಕರಣದಿಂದ ಹೊರಡಬೇಕು. "ಹಾವು ಕಡಿತ ಅಪಾಯಕಾರಿ" ಎಂಬುದು ಕಲಿಕೆಯಲ್ಲ. ಮೂರನೆಯ ದಿನ ನನ್ನ ರೋಗಿಯ ಪಾಪೆಗಳು ಹಿಗ್ಗಿ, ಬೆಳಕಿಗೆ ಸ್ಪಂದಿಸದೆ, ಕೈಕಾಲು ಅಲುಗದೆ ಇದ್ದಾಗ ಮನೆಯವರಿಗೆ ಮೆದುಳು ಸತ್ತಿದೆಯೆಂದು ಹೇಳುವ ಹಂತಕ್ಕೆ ತಂಡ ಬಂದಿತ್ತು, ಆದರೆ ಆತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಕಟ್ಟುಹಾವಿನ ವಿಷದಲ್ಲಿ ಇದು ಆಗುವಂಥದ್ದೇ. ಕಲಿಕೆಯ ಅಂಶವೆಂದರೆ ಇದು. "ಪ್ರತಿವಿಷವೇ ಉಳಿಸಿತು" ಎಂದು ಮಾತ್ರ ಬರೆಯಬೇಡಿ, ಒಬ್ಬ ರೋಗಿಯಿಂದ ಅದನ್ನು ಹೇಳಲಾಗದು. ಇಲ್ಲಿ ಉಳಿಸಿದ್ದು ಹೆಚ್ಚಾಗಿ ವೆಂಟಿಲೇಟರ್ ಮತ್ತು ರಾತ್ರಿಯಿಡೀ ಕಫ ಹೀರಿ ತೆಗೆದ ಶುಶ್ರೂಷಕಿಯರು.

ಇಷ್ಟೆಲ್ಲ ಅಳಿಸಿದ ಮೇಲೂ ಒಪ್ಪಿಗೆ ಬೇಕು. ಐ.ಸಿ.ಯು.ಗೆ ಸೇರಿಸುವಾಗ ಬಾಮೈದ ಸಹಿ ಮಾಡಿದ ಕಾಗದ ಇದಕ್ಕೆ ಒಪ್ಪಿಗೆಯಲ್ಲ. ರೋಗಿ ಈಗ ಮಾತನಾಡುತ್ತಾರೆ, ಆದ್ದರಿಂದ ಅವರನ್ನೇ ಕೇಳಬೇಕು. ತೀರಿಕೊಂಡಿದ್ದರೆ ಹತ್ತಿರದ ಬಂಧುವನ್ನು, ಮಗುವಾಗಿದ್ದರೆ ತಂದೆತಾಯಿಯನ್ನು, ತಿಳಿಯುವ ವಯಸ್ಸಿನ ಮಗುವಾದರೆ ಅದನ್ನೂ ಕೇಳಬೇಕು. ಕರಡಿನ ಸಾರವನ್ನು ಕನ್ನಡದಲ್ಲಿ ಓದಿ ಹೇಳಿ, ಫೋಟೋಗಳನ್ನು ತೋರಿಸಿ, ಹೆಸರಿಲ್ಲದಿದ್ದರೂ ಬಲ್ಲವರು ಗುರುತಿಸಬಹುದೆಂದೂ ಒಮ್ಮೆ ಅಂತರ್ಜಾಲಕ್ಕೆ ಬಂದದ್ದನ್ನು ಹಿಂದಕ್ಕೆ ತರಲಾಗದೆಂದೂ ತಿಳಿಸಿ, ಬೇಡವೆಂದರೆ ಚಿಕಿತ್ಸೆಗೆ ಏನೂ ತೊಂದರೆಯಾಗದೆಂದು ಸ್ಪಷ್ಟಪಡಿಸಿ ಸಹಿ ಪಡೆಯಿರಿ. ನನ್ನ ಪದ್ಧತಿ ಇನ್ನೂ ಬಿಗಿ: ಒಂದು ವಾರದ ಬಳಿಕ ಮತ್ತೊಮ್ಮೆ ಕೇಳುತ್ತೇನೆ, ಏಕೆಂದರೆ ಜೀವ ಉಳಿಸಿದ ವೈದ್ಯರ ಮುಖ ನೋಡಿ "ಇಲ್ಲ" ಎನ್ನಲು ನಮ್ಮ ಜನಕ್ಕೆ ದಾಕ್ಷಿಣ್ಯ. ಸಹಿ ಮಾಡಿದ ಹಾಳೆ ನಿಮ್ಮ ಕಡತದಲ್ಲಿರಲಿ; ಪತ್ರಿಕೆ ತನ್ನದೇ ನಮೂನೆ ಕೇಳದ ಹೊರತು ಅದನ್ನು ಕಳಿಸಬೇಡಿ, ಅದರ ಮೇಲೆ ರೋಗಿಯ ಹೆಸರಿದೆ.

ಇನ್ನು ಚಿತ್ರಗಳು. ರೆಪ್ಪೆ ತೋರಿಸಬೇಕಾದರೆ ಕಣ್ಣುಗಳ ಭಾಗವನ್ನಷ್ಟೇ ಕತ್ತರಿಸಿ ಇಡಿ, ಅದಕ್ಕೂ ಒಪ್ಪಿಗೆ ಬೇಕು. ಸಿ.ಟಿ. ಫಿಲ್ಮಿನ ಮೂಲೆಯಲ್ಲಿ ಹೆಸರು, ನೋಂದಣಿ ಸಂಖ್ಯೆ, ತಾರೀಖು ಅಚ್ಚಾಗಿರುತ್ತವೆ, ಇ.ಸಿ.ಜಿ. ಕಾಗದದ ಅಂಚಿನಲ್ಲೂ ಇರುತ್ತವೆ. ವರ್ಡ್ ಕಡತದಲ್ಲಿ ಕ್ರಾಪ್ ಮಾಡಿದ ಚಿತ್ರದ ಕತ್ತರಿಸಿದ ಭಾಗ ಕಡತದೊಳಗೇ ಉಳಿದಿರುತ್ತದೆ. ನನಗೆ ಬಂದ ಒಂದು ಕರಡಿನಲ್ಲಿ ಚಿತ್ರದ ಅಂಚನ್ನು ಎಳೆದಾಗ ರೋಗಿಯ ಪೂರ್ಣ ಹೆಸರು ಹೊರಬಂತು. ಆದ್ದರಿಂದ ಚಿತ್ರ ಸಂಪಾದಕದಲ್ಲಿ ಕತ್ತರಿಸಿ, ಹೊಸ ಕಡತವಾಗಿ ಉಳಿಸಿ, ಆಮೇಲೆ ಸೇರಿಸಿ. ಮೊಬೈಲ್ ಫೋಟೋದೊಳಗೆ ತೆಗೆದ ಸ್ಥಳವೂ ಸಮಯವೂ ದಾಖಲಾಗಿರಬಹುದು, ಅದನ್ನೂ ಅಳಿಸಿ.

ಪ್ರಶ್ನೆ: "ಜಗತ್ತಿನಲ್ಲಿ ಇದೇ ಮೊದಲ ಪ್ರಕರಣ" ಎಂದು ಬರೆಯಬಹುದೇ?

ಉತ್ತರ: ಬೇಡ.

ಪ್ರಶ್ನೆ: ರೋಗಿಯನ್ನು ನೋಡದಿದ್ದರೂ ವಿಭಾಗದ ಮುಖ್ಯಸ್ಥರ ಹೆಸರನ್ನು ಲೇಖಕರ ಪಟ್ಟಿಯಲ್ಲಿ ಸೇರಿಸಲೇಬೇಕೇ?

ಉತ್ತರ: ಬರೆಯುವುದರಲ್ಲೂ ಪರಿಶೀಲಿಸುವುದರಲ್ಲೂ ಅವರ ಪಾಲಿಲ್ಲದಿದ್ದರೆ ಕೃತಜ್ಞತೆಯ ಸಾಲಿನಲ್ಲಿ ಹಾಕಿ, ಅವರು ಸಿಟ್ಟಾದರೆ ಈ ಉತ್ತರವನ್ನು ತೋರಿಸಿ.

ಪ್ರಶ್ನೆ: ಮೂರು ದಿನದಲ್ಲಿ ಪ್ರಕಟಿಸುತ್ತೇವೆ, ಶುಲ್ಕ ಮೊದಲೇ ಕಳಿಸಿ ಎಂದು ಒಂದು ಪತ್ರಿಕೆಯಿಂದ ಇಮೇಲ್ ಬಂದಿದೆ. ಕಳಿಸಲೇ?

ಉತ್ತರ: ಹಾವಿನ ಕಲ್ಲು ಮಾರುವವನಿಗೂ ಇವರಿಗೂ ವ್ಯತ್ಯಾಸವಿಲ್ಲ. ಮೂರು ದಿನದಲ್ಲಿ ನಿಮ್ಮ ಕರಡನ್ನು ಯಾರೂ ಪರಿಶೀಲಿಸುವುದಿಲ್ಲ, ರೋಗಿಯ ಒಪ್ಪಿಗೆ ಪತ್ರವನ್ನು ಯಾರೂ ಕೇಳುವುದಿಲ್ಲ, ಆಮೇಲೆ ತೆಗೆಯಿರಿ ಎಂದರೆ ಉತ್ತರವೂ ಬರುವುದಿಲ್ಲ. ಇಮೇಲ್ ಅಳಿಸಿ.