‘ಬ್ಯಾಟರಿ ಇತ್ತು’ ಎಂಬ ಉತ್ತರ ಸಾಲದು: ಐಸಿಯುನ ಕತ್ತಲೆಯ 24 ನಿಮಿಷಗಳು

ಪ್ರಶ್ನೆ: ನಮ್ಮ ತಂದೆ ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದಾಗ ಕರೆಂಟು ಹೋಗಿ, ಜನರೇಟರ್ ಬರಲು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಿಡಿಯಿತು. ವೆಂಟಿಲೇಟರ್‌ಗೆ ಬ್ಯಾಟರಿ ಇರುವುದರಿಂದ ಏನೂ ಆಗಿಲ್ಲ ಎಂದು ಆಸ್ಪತ್ರೆಯವರು ಹೇಳುತ್ತಾರೆ. ಇದನ್ನು ನಂಬಬಹುದೇ? ನಾವು ಏನನ್ನು ಕೇಳಬೇಕು?

ಉತ್ತರ: 2022ರ ಸೆಪ್ಟೆಂಬರ್‌ನಲ್ಲಿ ಬಳ್ಳಾರಿಯ ವಿಮ್ಸ್ ಆಸ್ಪತ್ರೆಯ ಐಸಿಯುನಲ್ಲಿ ವಿದ್ಯುತ್ ಹೋದ ದಿನ ರೋಗಿಗಳು ತೀರಿಕೊಂಡರು. ವಿದ್ಯುತ್ ಹೋದದ್ದೇ ಸಾವಿಗೆ ಕಾರಣವೆಂದು ಮನೆಯವರು ಹೇಳಿದರು, ಅಧಿಕಾರಿಗಳು ಅಲ್ಲಗಳೆದರು, ಸರ್ಕಾರ ತನಿಖಾ ಸಮಿತಿ ರಚಿಸಿತು. ಅಂದಿನಿಂದ ಈ ಪ್ರಶ್ನೆ ನನಗೆ ಬರುತ್ತಲೇ ಇದೆ, ಮತ್ತು ಪ್ರತಿ ಬಾರಿಯೂ ಅದರೊಳಗೆ ‘ಬ್ಯಾಟರಿ ಇತ್ತು’ ಎಂಬ ಅದೇ ಸಮಾಧಾನದ ಮಾತು ಇರುತ್ತದೆ. ಆ ಮಾತು ಸುಳ್ಳಲ್ಲ, ಆದರೆ ಅಪೂರ್ಣ. ಏಕೆಂದು ತಿಳಿಸಲು, ನಾನೇ ಪಾಳಿಯಲ್ಲಿದ್ದ ಒಂದು ಸಂಜೆಯನ್ನು ನಿಮಿಷ ನಿಮಿಷವಾಗಿ ಹೇಳುತ್ತೇನೆ.

ಅದು ಎಂಟು ಹಾಸಿಗೆಗಳ ಐಸಿಯು. ಐವರು ವೆಂಟಿಲೇಟರ್ ಮೇಲಿದ್ದರು. ಒಬ್ಬರಿಗೆ ಮೂಗಿನ ಕೊಳವೆಯ ಮೂಲಕ ವೇಗವಾಗಿ ಆಮ್ಲಜನಕ ಕೊಡುವ ‘ಹೈ ಫ್ಲೋ’ ಯಂತ್ರ ಹಾಕಿತ್ತು. 7 ಗಂಟೆ 42 ನಿಮಿಷಕ್ಕೆ, ಮಳೆಯ ನಡುವೆ, ಕರೆಂಟು ಹೋಯಿತು. ಐದೂ ವೆಂಟಿಲೇಟರ್‌ಗಳು ಕೂಗಿಕೊಂಡು ಬ್ಯಾಟರಿಗೆ ಹೊರಳಿದವು, ಒಂದು ಉಸಿರೂ ತಪ್ಪಲಿಲ್ಲ. ನಿಂತದ್ದು ಹೈ ಫ್ಲೋ ಯಂತ್ರ, ಏಕೆಂದರೆ ಅದರೊಳಗೆ ಬ್ಯಾಟರಿಯೇ ಇರಲಿಲ್ಲ. ಎರಡು ನಿಮಿಷದೊಳಗೆ ಆ ರೋಗಿಯ ಆಮ್ಲಜನಕದ ಮಟ್ಟ 93ರಿಂದ 78ಕ್ಕೆ ಇಳಿಯಿತು. ನಮ್ಮ ನರ್ಸ್ ಚೀಲವಿರುವ ಮಾಸ್ಕ್ ಹಾಕಿ ನಿಮಿಷಕ್ಕೆ 15 ಲೀಟರ್ ಆಮ್ಲಜನಕ ತೆರೆದ ಮೇಲೆ ಅದು 86ಕ್ಕೆ ಬಂದು ನಿಂತಿತು. ಕತ್ತಲಾದ ಕ್ಷಣದಲ್ಲಿ ಎಲ್ಲರೂ ವೆಂಟಿಲೇಟರ್‌ಗಳ ಕಡೆಗೆ ಓಡುತ್ತಾರೆ, ಆದರೆ ಮೊದಲ ಅಪಾಯ ಬಹುಪಾಲು ಇನ್ನೊಂದು ಹಾಸಿಗೆಯಲ್ಲಿರುತ್ತದೆ.

ಇತ್ತ ಜನರೇಟರ್ ಕೋಣೆಯಲ್ಲಿ ಎಎಮ್ಎಫ್ ಪ್ಯಾನೆಲ್ ತನ್ನ ಕೆಲಸವನ್ನು ಮಾಡಿತ್ತು. ಕರೆಂಟು ಹೋದದ್ದನ್ನು ಗುರುತಿಸಿ ಎಂಜಿನ್‌ಗೆ ಸೆಲ್ಫ್ ಹೊಡೆಸುವುದು, ವೋಲ್ಟೇಜ್ ಸ್ಥಿರವಾದ ಮೇಲೆ ಲೋಡನ್ನು ಜನರೇಟರ್‌ಗೆ ಬದಲಿಸುವುದು ಈ ಪ್ಯಾನೆಲ್‌ನ ಕೆಲಸ. ಜೀವರಕ್ಷಕ ಉಪಕರಣಗಳಿಗೆ ಇದೆಲ್ಲವೂ ಸುಮಾರು 10 ಸೆಕೆಂಡಿನೊಳಗೆ ಮುಗಿಯಬೇಕೆಂಬುದು ಅಮೆರಿಕದ ಎನ್‌ಎಫ್‌ಪಿಎ 110 ಮಾನದಂಡದ ಅಪೇಕ್ಷೆ. ಅಂದು ಪ್ಯಾನೆಲ್ ಮೂರು ಸಲ ಪ್ರಯತ್ನಿಸಿ, 7.43ರ ಹೊತ್ತಿಗೆ ‘ಸ್ಟಾರ್ಟ್ ಆಗಲಿಲ್ಲ’ ಎಂದು ತೋರಿಸಿ ತನ್ನನ್ನೇ ಲಾಕ್ ಮಾಡಿಕೊಂಡಿತು. ಅದರ ಗಂಟೆ ಬಾರಿಸಿದ್ದು ಯಾರೂ ಇಲ್ಲದ ಕೋಣೆಯಲ್ಲಿ. ನಾವು ‘ಈಗ ಬರುತ್ತದೆ, ಈಗ ಬರುತ್ತದೆ’ ಎಂದು ಕಾದು, 7.46ಕ್ಕೆ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆವು. ಅವರು ಪಕ್ಕದ ಕಟ್ಟಡದಿಂದ ಬಂದು ಕೋಣೆಯ ಬೀಗ ತೆಗೆದಾಗ 7.51.

ಅವರು ಕೈಯಿಂದ ಸೆಲ್ಫ್ ಹೊಡೆದಾಗ ‘ಟಿಕ್ ಟಿಕ್’ ಎಂಬ ಶಬ್ದ ಮಾತ್ರ ಬಂತು. ಡೀಸೆಲ್ ತುಂಬಿತ್ತು, ಎಂಜಿನ್ ಸರಿಯಿತ್ತು, ಸತ್ತಿದ್ದದ್ದು ಸ್ಟಾರ್ಟ್ ಮಾಡುವ 12 ವೋಲ್ಟ್‌ನ ಬ್ಯಾಟರಿ. ಇದು ತಿಳಿಯುವಷ್ಟರಲ್ಲಿ 7.55 ಆಗಿತ್ತು, ಒಂದು ವೆಂಟಿಲೇಟರ್ ಆರಿತು. ಹದಿಮೂರು ನಿಮಿಷ ಮೊದಲು ಅದರ ಪರದೆ ಬ್ಯಾಟರಿ ತುಂಬಿದೆ ಎಂದು ತೋರಿಸಿತ್ತು. ಹಳೆಯ ಬ್ಯಾಟರಿ ತನ್ನ ಧಾರಣಶಕ್ತಿ ಕಳೆದುಕೊಂಡ ಮೇಲೂ ತುಂಬಿದಂತೆಯೇ ಕಾಣಬಲ್ಲದು, ಏಕೆಂದರೆ ಪಾತ್ರೆಯೇ ಚಿಕ್ಕದಾದ ಮೇಲೆ ಅದು ಬೇಗ ತುಂಬುತ್ತದೆ. ಆ ರೋಗಿಗೆ ಕೈಯಿಂದ ಉಸಿರು ಕೊಡುವ ಅಂಬು ಬ್ಯಾಗ್ ಒತ್ತಲು ಒಬ್ಬರು ನಿಂತರು. ಅದಕ್ಕೆ ಹಾಕುವ, ಒತ್ತಡ ಉಳಿಸುವ ಪೀಪ್ ವಾಲ್ವ್ ಸಿಗಲು ಎರಡು ನಿಮಿಷ ಹಿಡಿಯಿತು, ಅಷ್ಟರಲ್ಲಿ ಅವರ ಆಮ್ಲಜನಕವೂ ಕುಸಿಯತೊಡಗಿತ್ತು, ಏಕೆಂದರೆ ಗಟ್ಟಿಯಾದ ಶ್ವಾಸಕೋಶವನ್ನು ತೆರೆದಿಡುವ ಒತ್ತಡ ಬರಿಯ ಬ್ಯಾಗ್‌ನಲ್ಲಿ ಇರುವುದಿಲ್ಲ. ಅದೇ ಹೊತ್ತಿಗೆ ಇನ್ನೊಬ್ಬರ ನಳಿಕೆಯಲ್ಲಿ ಕಫ ಕಟ್ಟಿತು, ಗೋಡೆಯ ಸಕ್ಷನ್ ಸತ್ತಿತ್ತು, ಕಾಲಿನಿಂದ ತುಳಿಯುವ ಸಕ್ಷನ್ ಯಂತ್ರವನ್ನು ಅಟ್ಟದಿಂದ ಇಳಿಸಬೇಕಾಯಿತು. ವೆಂಟಿಲೇಟರ್‌ನ ಬ್ಯಾಟರಿ ಕೊಳವೆಯಲ್ಲಿ ಕಟ್ಟಿದ ಕಫವನ್ನು ತೆಗೆಯುವುದಿಲ್ಲ.

8.04ಕ್ಕೆ ಆಂಬುಲೆನ್ಸ್‌ನ ಬ್ಯಾಟರಿಗೆ ಜಂಪರ್ ತಂತಿ ಹಾಕಿ ಎಂಜಿನ್ ಎಬ್ಬಿಸಿದರು. ಆದರೂ ಐಸಿಯುಗೆ ಕರೆಂಟು ಬರಲಿಲ್ಲ, ಏಕೆಂದರೆ ಪ್ಯಾನೆಲ್ ಇನ್ನೂ ಲಾಕ್ ಆಗಿತ್ತು. ಅದನ್ನು ರೀಸೆಟ್ ಮಾಡಿ ಲೋಡ್ ಬದಲಿಸಿದಾಗ 8.06. ಒಟ್ಟು 24 ನಿಮಿಷ. ಅವುಗಳನ್ನು ಬಿಡಿಸಿ ನೋಡಿ: ಯಂತ್ರ ತಾನಾಗಿ ಸೋತದ್ದು ಒಂದು ನಿಮಿಷ, ಮನುಷ್ಯನನ್ನು ಹುಡುಕಿದ್ದು ಎಂಟು ನಿಮಿಷ, ಸತ್ತ ಬ್ಯಾಟರಿಗೆ ಬದಲಿ ಹುಡುಕಿದ್ದು ಹದಿಮೂರು, ಲೋಡ್ ಬದಲಿಸಿದ್ದು ಎರಡು. ‘ಜನರೇಟರ್ ಕೈಕೊಟ್ಟಿತು’ ಎಂಬ ಒಂದೇ ವಾಕ್ಯದಲ್ಲಿ ಈ ನಾಲ್ಕೂ ಮುಚ್ಚಿಹೋಗುತ್ತವೆ.

ಮರುದಿನ ನೋಡಿದರೆ, ಆ ಬ್ಯಾಟರಿಯ ಚಾರ್ಜರಿನ ಫ್ಯೂಸ್ ಹಾರಿಹೋಗಿತ್ತು. ಪ್ಯಾನೆಲ್ ಸ್ವತಃ ಅದರಿಂದ ದಿನವೂ ಸ್ವಲ್ಪ ಸ್ವಲ್ಪ ವಿದ್ಯುತ್ ಹೀರುತ್ತಿತ್ತು. ವಾರಕ್ಕೊಮ್ಮೆ ಎಂಜಿನ್ ಓಡಿದಾಗ ಅದು ಮತ್ತೆ ತುಂಬುತ್ತಿದ್ದುದರಿಂದ ದೋಷ ಕಾಣಲಿಲ್ಲ. ಎಲೆಕ್ಟ್ರಿಷಿಯನ್ ರಜೆಯಲ್ಲಿದ್ದುದರಿಂದ ಎರಡು ವಾರ ಓಟ ತಪ್ಪಿತು, ಬ್ಯಾಟರಿ ಬರಿದಾಯಿತು. ವಾರವಾರ ನಡೆಸುತ್ತಿದ್ದ ಪರೀಕ್ಷೆಯೂ ಲೋಡ್ ಇಲ್ಲದ ಪರೀಕ್ಷೆಯಾಗಿತ್ತು. ಎಂಜಿನ್ ಶಬ್ದ ಮಾಡುವುದು ಬೇರೆ, ಐಸಿಯುಗೆ ಕರೆಂಟು ಕೊಡುವುದು ಬೇರೆ. ತಿಂಗಳಿಗೊಮ್ಮೆ ಮೇನ್ಸ್ ಸ್ವಿಚ್ಚನ್ನೇ ಇಳಿಸಿ, ಕನಿಷ್ಠ 30 ಶೇಕಡಾ ಲೋಡ್ ಹಾಕಿ, 30 ನಿಮಿಷ ಓಡಿಸದೆ ಇದ್ದರೆ ಆ ಪರೀಕ್ಷೆಯ ಸಹಿಯನ್ನು ನಾನು ಒಪ್ಪುವುದಿಲ್ಲ.

ಈಗ ನಿಮ್ಮ ತಂದೆಯವರ ವಿಷಯ. ತಡವಾದದ್ದು ತಪ್ಪು, ಅದರಲ್ಲಿ ಸಂಶಯವಿಲ್ಲ. ಆದರೆ ಆ ತಡದಿಂದ ಅವರಿಗೆ ಹಾನಿಯಾಯಿತೇ ಎಂಬುದನ್ನು ಗಡಿಯಾರ ಹೇಳುವುದಿಲ್ಲ, ಆ ಹೊತ್ತಿನ ಆಮ್ಲಜನಕ ಮಟ್ಟ, ನಾಡಿ ಮತ್ತು ರಕ್ತದೊತ್ತಡದ ದಾಖಲೆಗಳು ಹೇಳುತ್ತವೆ. ವೆಂಟಿಲೇಟರ್ ಬ್ಯಾಟರಿಯ ಮೇಲೆ ನಿಲ್ಲದೆ ಓಡಿ, ಮಟ್ಟ ಕದಲದೆ ಇದ್ದರೆ ಹಾನಿಯಾಗಿಲ್ಲ ಎಂಬ ಮಾತನ್ನು ನೀವು ಒಪ್ಪಬೇಕಾಗುತ್ತದೆ. ಹಾಗಾಗಿ ಮೂರು ದಾಖಲೆಗಳನ್ನು ಲಿಖಿತವಾಗಿ ಕೇಳಿ: ನರ್ಸಿಂಗ್ ಚಾರ್ಟ್, ವೆಂಟಿಲೇಟರ್‌ನ ಒಳಗಿನ ಘಟನಾ ದಾಖಲೆ, ಎಎಮ್ಎಫ್ ಪ್ಯಾನೆಲ್‌ನ ದಾಖಲೆ. ರೋಗಿಯ ವೈದ್ಯಕೀಯ ದಾಖಲೆಗಳನ್ನು ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಹೇಳುತ್ತದೆ. ಯಂತ್ರದ ದಾಖಲೆಗಳ ಮಾತು ಬೇರೆ, ಹೊಸ ಘಟನೆಗಳು ಸೇರುತ್ತಾ ಹೋದ ಹಾಗೆ ಹಳೆಯವು ಅಳಿಸಿಹೋಗಬಹುದು, ಆದ್ದರಿಂದ ಅವುಗಳನ್ನು ಉಳಿಸಿಡಿ ಎಂದು ಇಂದೇ ಬರೆದುಕೊಡಿ. ಇನ್ನೊಂದು ಎಚ್ಚರಿಕೆ: ಯಂತ್ರಗಳ ಗಡಿಯಾರಗಳು ಒಂದಕ್ಕೊಂದು ಹೊಂದುವುದಿಲ್ಲ. ನಮ್ಮಲ್ಲಿ ಪ್ಯಾನೆಲ್ ಆರು ನಿಮಿಷ ಮುಂದಿತ್ತು, ಒಂದು ವೆಂಟಿಲೇಟರ್ ಮೂರು ನಿಮಿಷ ಹಿಂದಿತ್ತು. ಆ ವ್ಯತ್ಯಾಸವನ್ನು ಮೊದಲು ಬರೆದಿಟ್ಟುಕೊಳ್ಳದಿದ್ದರೆ, ಕರೆಂಟು ಹೋಗುವ ಮೊದಲೇ ವೆಂಟಿಲೇಟರ್ ಬ್ಯಾಟರಿಗೆ ಹೊರಳಿತೆಂಬ ಅಸಂಬದ್ಧ ಕಥೆಯೂ ಕಾಗದದ ಮೇಲೆ ಹುಟ್ಟುತ್ತದೆ.

ಪ್ರಶ್ನೆ: ಅಂಬು ಬ್ಯಾಗನ್ನು ಬೇಗ ಬೇಗ ಒತ್ತಿದಷ್ಟೂ ರೋಗಿಗೆ ಹೆಚ್ಚು ಆಮ್ಲಜನಕ ಸಿಗುತ್ತದೆಯಂತೆ, ಹೌದೇ?

ಉತ್ತರ: ಇಲ್ಲ. ವಯಸ್ಕರಿಗೆ ಸಾಮಾನ್ಯವಾಗಿ ಐದಾರು ಸೆಕೆಂಡಿಗೆ ಒಮ್ಮೆ, ಎದೆ ಏಳುವಷ್ಟು ಮಾತ್ರ ಒತ್ತಬೇಕು. ಅವಸರದಿಂದ ಒತ್ತಿದರೆ ಗಾಳಿ ಒಳಗೇ ಸಿಕ್ಕಿಕೊಂಡು ರಕ್ತದೊತ್ತಡ ಬೀಳುತ್ತದೆ.

ಪ್ರಶ್ನೆ: ನಮ್ಮ ನರ್ಸಿಂಗ್ ಹೋಮಿನ ಜನರೇಟರ್ ಬ್ಯಾಟರಿಗೆ ಒಂದು ದ್ರವ ಹಾಕಿ ಇನ್ನೆರಡು ವರ್ಷ ಆಯುಸ್ಸು ಕೊಡುತ್ತೇವೆಂದು ಒಬ್ಬರು ಬಂದಿದ್ದಾರೆ. ಮಾಡಿಸಬಹುದೇ?

ಉತ್ತರ: ಅವರನ್ನು ಬಾಗಿಲಿನಿಂದಲೇ ಕಳಿಸಿಬಿಡಿ. ಉದುರಿಹೋದ ಸೀಸದ ಫಲಕವನ್ನು ಯಾವ ದ್ರವವೂ ಮರಳಿ ಕಟ್ಟುವುದಿಲ್ಲ. ಇಂಥವರು ಸುಮ್ಮನೆ ಕುಳಿತಿರುವ ಬ್ಯಾಟರಿಯ ಮೇಲೆ ಮೀಟರ್ ಇಟ್ಟು 12.6 ವೋಲ್ಟ್ ತೋರಿಸುತ್ತಾರೆ, ಸತ್ತುಹೋಗುತ್ತಿರುವ ಬ್ಯಾಟರಿಯೂ ಅಷ್ಟನ್ನು ತೋರಿಸಬಲ್ಲದು. ಸೆಲ್ಫ್ ಹೊಡೆಯುತ್ತಿರುವಾಗಲೇ ಮೀಟರ್ ನೋಡಿ, ಅದು ಒಂಬತ್ತೂವರೆಗಿಂತ ಕೆಳಗೆ ಇಳಿದರೆ ಅಂದೇ ಹೊಸ ಬ್ಯಾಟರಿ ಹಾಕಿಸಿ.