ಮಷಿನ್ ಗನ್ ಅಂದವರು ಯಾರು?

"ಸಂಪಾದಕರೇ, ನನ್ನ ಮಗ ಬೆಂಗಳೂರಿನ ಒಂದು ಕಂಪನಿ ಸೇರಿದ್ದಾನೆ. ಅಮೆರಿಕದವರ ಜೊತೆ ಫೋನಿನಲ್ಲಿ ಮಾತಾಡುವ ಕೆಲಸ. ತರಬೇತಿ ಕೊಡುವವರು 'ನಿನ್ನ ಇಂಗ್ಲಿಷು ಮಷಿನ್ ಗನ್ ಹೊಡೆದ ಹಾಗಿದೆ, ಕನ್ನಡದ ತಾಳ ಬಿಡು' ಅಂದರಂತೆ. ನಾನು 30 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು. ನಮ್ಮ ತಾಳದಲ್ಲಿ ಅಂಥ ತಪ್ಪೇನಿದೆ? ಹುಡುಗ ಅದನ್ನು ತಿದ್ದಿಕೊಳ್ಳಲೇಬೇಕಾ?"
— ಓದುಗರೊಬ್ಬರು, ಹಾಸನ

ಮೇಷ್ಟ್ರೇ, ಬಂದ ಪತ್ರಗಳಲ್ಲಿ ನಿಮ್ಮದನ್ನೇ ಮೊದಲು ಎತ್ತಿಕೊಂಡೆ. ಇದು ನನ್ನ ಹಳೇ ಗಾಯ. ಕಾಲೇಜಿನಲ್ಲಿ ನಮಗೆ ಇಂಗ್ಲಿಷ್ ಹೇಳುತ್ತಿದ್ದವರೊಬ್ಬರು ನಾನು ಓದಲು ನಿಂತರೆ ಸಾಕು, ಪೆನ್ಸಿಲಿನಿಂದ ಮೇಜಿಗೆ ಟಕಟಕ ಕುಟ್ಟಿ ಅಣಕಿಸುತ್ತಿದ್ದರು. ಕ್ಲಾಸು ನಗುತ್ತಿತ್ತು. ಆ ಟಕಟಕ ನನಗಿನ್ನೂ ಕೇಳಿಸುತ್ತದೆ.

ಮೊದಲು ಮಷಿನ್ ಗನ್ ಎಲ್ಲಿಂದ ಬಂತು ನೋಡಿ. 1940ರಲ್ಲಿ ಆರ್ಥರ್ ಲಾಯ್ಡ್ ಜೇಮ್ಸ್ ಅನ್ನುವ ಬ್ರಿಟಿಷ್ ಪಂಡಿತರು, ಬಿಬಿಸಿಗೆ ಉಚ್ಚಾರಣೆಯ ಸಲಹೆ ಕೊಡುತ್ತಿದ್ದವರು, ಕೆಲವು ಭಾಷೆಗಳ ಲಯ ಮಷಿನ್ ಗನ್ನಿನ ಹಾಗೆ, ಇಂಗ್ಲಿಷಿನದು ಮೋರ್ಸ್ ತಂತಿಯ ಹಾಗೆ ಅಂದರು. ಯುದ್ಧದ ಕಾಲ, ಉಪಮೆಗೆ ಬಂದೂಕೇ ಸಿಕ್ಕಿರಬೇಕು. 1945ರಲ್ಲಿ ಅಮೆರಿಕದ ಕೆನೆತ್ ಪೈಕ್ ಇದಕ್ಕೆ ಶಾಸ್ತ್ರದ ಹೆಸರು ಕೊಟ್ಟರು. ಒಂದು ಬಗೆಯ ಭಾಷೆಯಲ್ಲಿ ಪ್ರತಿ ಅಕ್ಷರಕ್ಕೂ ಸರಿಸುಮಾರು ಒಂದೇ ಹೊತ್ತು. ಇನ್ನೊಂದರಲ್ಲಿ ಒತ್ತು ಬೀಳುವ ಅಕ್ಷರಗಳು ಸಮಾನ ಅಂತರದಲ್ಲಿ ಬರುತ್ತವೆ, ನಡುವಿನವು ಎಷ್ಟೇ ಇರಲಿ, ಮುದುಡಿಕೊಂಡು ಜಾಗ ಬಿಡುತ್ತವೆ. 1967ರಲ್ಲಿ ಡೇವಿಡ್ ಅಬರ್‌ಕ್ರಾಂಬಿ ಇನ್ನೂ ಮುಂದೆ ಹೋಗಿ, ಲೋಕದ ಎಲ್ಲ ಭಾಷೆಗಳೂ ಈ ಎರಡರಲ್ಲಿ ಒಂದು ಅಂದುಬಿಟ್ಟರು. ಇಂಗ್ಲಿಷ್, ರಷ್ಯನ್, ಅರೇಬಿಕ್ ಒತ್ತಿನ ಕಡೆ. ಫ್ರೆಂಚ್, ಆಫ್ರಿಕಾದ ಯೊರುಬಾ ಮತ್ತು ನಮ್ಮ ಪಕ್ಕದ ಮನೆಯ ತೆಲುಗು ಅಕ್ಷರದ, ಅಂದರೆ ಮಷಿನ್ ಗನ್ನಿನ, ಕಡೆ.

ನೀವು ಗಣಿತದವರು, ಅಳೆದು ನೋಡಿದರಾ ಅಂತ ಕೇಳುತ್ತೀರಿ. 1982ರಲ್ಲಿ ಪೀಟರ್ ರೋಚ್ ಅದೇ ಆರು ಭಾಷೆಗಳ ಮಾತನ್ನು ಅಳೆದರು. ಒತ್ತಿನ ಭಾಷೆಗಳಲ್ಲಿ ಒತ್ತುಗಳ ಅಂತರ ಸಮಾನವಾಗಿರಲೇ ಇಲ್ಲ. ಕಿವಿಗೆ ಗಡಿಯಾರದಂತೆ ಕೇಳಿದ್ದು ಅಳತೆಗೆ ಸಿಗಲಿಲ್ಲ. ಮರುವರ್ಷ ರೆಬೆಕಾ ಡೌರ್ ಗಂಟು ಬಿಡಿಸಿದರು. ವ್ಯತ್ಯಾಸ ಇರುವುದು ಗಡಿಯಾರದಲ್ಲಲ್ಲ. ಒತ್ತಿಲ್ಲದ ಸ್ವರವನ್ನು ಆ ಭಾಷೆ ಏನು ಮಾಡುತ್ತದೆ, ಅಕ್ಷರಗಳಲ್ಲಿ ವ್ಯಂಜನ ಎಷ್ಟು ಒತ್ತೊತ್ತಾಗಿ ಕೂರುತ್ತವೆ ಅನ್ನುವುದರಲ್ಲಿ. ಇಂಗ್ಲಿಷು ಒತ್ತಿಲ್ಲದ ಸ್ವರವನ್ನು ಉಜ್ಜಿ ಒಂದು ಬೂದು 'ಅ' ಮಾಡಿಬಿಡುತ್ತದೆ. 'ಫೋಟೋಗ್ರಾಫ್' ಅಂದಾಗ ತುಂಬು ಬಾಯಲ್ಲಿ ಬಂದ 'ಫೋ', 'ಫಟಾಗ್ರಫಿ' ಅಂದಾಗ ಮಂಕಾಗುತ್ತದೆ.

ಈಗ ನಮ್ಮ ಕಡೆ ಬನ್ನಿ. ಬಂದ, ಬಂದೆ, ಬಂದು. ಮೂರರಲ್ಲೂ ಬದಲಾದದ್ದು ಕೊನೆಯ ಸ್ವರ ಒಂದೇ. ಇಂಗ್ಲಿಷಿನವರಂತೆ ಅದನ್ನು ಉಜ್ಜಿದರೆ ಯಾರು ಬಂದರು, ಬಂದು ಏನು ಮಾಡಿದರು, ದೇವರಿಗೇ ಗೊತ್ತು. ನಮ್ಮ ವ್ಯಾಕರಣವೆಲ್ಲ ಪದದ ಬಾಲದಲ್ಲಿದೆ. ಆ ಬಾಲವನ್ನು ಬಿಡದ ನಾಲಿಗೆ ಇಂಗ್ಲಿಷಿನಲ್ಲೂ ಪ್ರತಿ ಸ್ವರವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಇದು ಸೋಮಾರಿತನವಲ್ಲ ಮೇಷ್ಟ್ರೇ, ಶಿಸ್ತು.

ಇನ್ನು 'ಮಷಿನ್ ಗನ್' ಅನ್ನುವುದೂ ಸರಿಯಲ್ಲ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದೆಯಾ? 'ಕಲೆ' ಎರಡು ಲಘು, ಎರಡು ಮಾತ್ರೆ. 'ಕಾಲ' ಮೂರು. 'ಕಲ್ಲು' ಕೂಡ ಮೂರು, ಒತ್ತಕ್ಷರದ ಹಿಂದಿನದು ಗುರು ಆಗುವುದರಿಂದ. ಮೂರೂ ಪದ ಎರಡೆರಡು ಅಕ್ಷರ, ಆದರೆ ಮೂರರ ತೂಕವೂ ಒಂದೇ ಅಲ್ಲ. ಕನ್ನಡ ಒಂದೇ ಸಮನೆ ಟಕಟಕ ಅನ್ನುವುದಿಲ್ಲ, ಅದು ಉದ್ದದಲ್ಲಿ ಏರಿಳಿಯುತ್ತದೆ. ಈ ಹ್ರಸ್ವ ದೀರ್ಘದ ಅಭ್ಯಾಸದಿಂದಲೇ 'ಶಿಪ್', 'ಶೀಪ್' ನಮ್ಮ ಹುಡುಗರಿಗೆ ಕಷ್ಟವಾಗುವುದಿಲ್ಲ. ತರಬೇತಿಯವರು ಇದಕ್ಕೆ ಒಂದು ಮಾರ್ಕನ್ನಾದರೂ ಕೊಡಬಹುದಿತ್ತು, ಅಲ್ವಾ?

ಹಾಗಂತ ಆ ಕಡೆಯವರದು ಪೂರ್ತಿ ಸುಳ್ಳಲ್ಲ. ನನ್ನ ತಂಗಿಯ ಮಗನ ಕತೆ ಕೇಳಿ. ಅಮೆರಿಕದವನೊಬ್ಬ ಫೋನಿನಲ್ಲಿ ಫೈಲ್ ಇವತ್ತು ಸಿಗುತ್ತಾ ಅಂದ. ಇವನು ಸ್ಪಷ್ಟವಾಗಿ, 'ಐ ಕ್ಯಾನ್ ಸೆಂಡ್ ಇಟ್ ಟುಡೇ' ಅಂದ. ಆತ ಬೇಸರದಿಂದ, 'ಓ, ನಾಳೆಯಾದರೂ?' ಅಂದ. ಇವನು ಇನ್ನೂ ಗಟ್ಟಿಯಾಗಿ 'ಕ್ಯಾನ್' ಅಂದ. ಆತನಿಗೆ ಇನ್ನೂ ಬೇಸರ. ಆಗಿದ್ದೇನು ಗೊತ್ತಾ? ಅಮೆರಿಕದವರ ಬಾಯಲ್ಲಿ 'ಆಗುತ್ತೆ' ಅನ್ನುವ 'ಕ್ಯಾನ್' ಸುಮ್ನೆ 'ಕನ್' ಅಂತ ಹಾದುಹೋಗುತ್ತದೆ, ಭಾರ 'ಸೆಂಡ್' ಮೇಲೆ. 'ಆಗಲ್ಲ' ಅನ್ನುವ 'ಕ್ಯಾಂಟ್' ಮಾತ್ರ ತುಂಬು ಸ್ವರದಲ್ಲಿ ಬರುತ್ತದೆ, ಕೊನೆಯ 'ಟ್' ಅನ್ನು ಹೆಚ್ಚಿನ ಸಲ ನುಂಗುತ್ತಾರೆ. ಅವರ ಕಿವಿ ಹುಡುಕುವುದು 'ಟ್' ಅನ್ನಲ್ಲ, ಭಾರವನ್ನು. ನಮ್ಮ ಹುಡುಗ ಒತ್ತಿ ಹೇಳಿದಷ್ಟೂ ಆತನಿಗೆ ಆಗಲ್ಲ, ಆಗಲ್ಲ ಅಂತಲೇ ಕೇಳಿತು. ಈಗ ಅವನು 'ಶೂರ್, ಐ ವಿಲ್ ಸೆಂಡ್ ಇಟ್' ಅನ್ನುತ್ತಾನೆ. ತಾಳ ಬಿಡಲಿಲ್ಲ, ಒಂದು ಪದ ಬಿಟ್ಟ.

ನಿಮ್ಮ ಮಗ ತಿದ್ದಿಕೊಳ್ಳಬೇಕಾದ್ದು ಇನ್ನೊಂದಿದೆ, ಅದು ತಾಳವಲ್ಲ. ಹೈದರಾಬಾದಿನ ಇಂಗ್ಲಿಷ್ ಸಂಸ್ಥೆಯ ಆರ್. ಕೆ. ಬನ್ಸಲ್ 1969ರಲ್ಲೇ ಭಾರತೀಯರ ಇಂಗ್ಲಿಷು ಬೇರೆಯವರಿಗೆ ಎಲ್ಲಿ ಅರ್ಥವಾಗುವುದಿಲ್ಲ ಅಂತ ಪರೀಕ್ಷಿಸಿ ಬರೆದರು. ಅವರ ಪಟ್ಟಿಯಲ್ಲಿ ದೊಡ್ಡ ತಪ್ಪು, ಪದದೊಳಗೆ ಒತ್ತು ತಪ್ಪು ಜಾಗದಲ್ಲಿ ಬೀಳುವುದು. ನಾವು 'ಈವೆಂಟ್', 'ಹೋಟೆಲ್', 'ಡೆವಲಪ್' ಎಲ್ಲದರಲ್ಲೂ ಮೊದಲ ಅಕ್ಷರಕ್ಕೇ ಭಾರ ಹಾಕುತ್ತೇವೆ. ಇಂಗ್ಲಿಷಿನಲ್ಲಿ ಆ ಮೂರಕ್ಕೂ ಭಾರ ಎರಡನೆಯದರ ಮೇಲೆ. 2000ದಲ್ಲಿ ಲಂಡನ್ನಿನ ಜೆನಿಫರ್ ಜೆಂಕಿನ್ಸ್ ಇನ್ನೊಂದು ಮಾತು ಸೇರಿಸಿದರು. ಇಂಗ್ಲಿಷ್ ಮಾತೃಭಾಷೆಯಲ್ಲದವರು ತಮ್ಮತಮ್ಮಲ್ಲೇ ಮಾತಾಡುವಾಗ ಒತ್ತಿನ ತಾಳ ಬೇಕಾಗಿಲ್ಲ, ವಾಕ್ಯದ ಮುಖ್ಯ ಪದಕ್ಕೆ ಸರಿಯಾಗಿ ಭಾರ ಬಿದ್ದರೆ ಸಾಕು. ಹುಡುಗನ ಫೋನು ಅಮೆರಿಕಕ್ಕೆ ಹೋಗುವುದರಿಂದ ಅವನಿಗೆ ಇಷ್ಟೇ ಸಾಲದು, ಒಪ್ಪುತ್ತೇನೆ. ಆ ಮುದುಡಿದ ಪದಗಳನ್ನು ಅವನು ಆಡದಿದ್ದರೂ ಕೇಳಿಸಿಕೊಳ್ಳಲು ಕಲಿಯಬೇಕು. ಆ ಮುದುಡಿದ ಪದಗಳನ್ನು ಇಂಗ್ಲಿಷಿನವರೇ ತಪ್ಪಾಗಿ ಕೇಳಿಸಿಕೊಳ್ಳುತ್ತಾರೆ ಅನ್ನುವುದು ಬೇರೆ ಮಾತು. 'ಕುಡ್ ಹ್ಯಾವ್' ಅನ್ನು 'ಕುಡ್ ಆಫ್' ಅಂತ ಬರೆಯುವವರು ಇಂಗ್ಲೆಂಡಿನಲ್ಲೇ ಬೇಕಾದಷ್ಟು ಜನ.

ನನಗೆ ಉರಿಯುವುದು ಬೇರೆ. ಇಂಗ್ಲಿಷಿಗೆ ಕನ್ನಡದ ತಾಳ ಬಂದರೆ ತಿದ್ದಲು ದುಡ್ಡು ಕೊಟ್ಟು ಜನ ಇಡುತ್ತೇವೆ. ಕನ್ನಡಕ್ಕೆ ಇಂಗ್ಲಿಷಿನ ತಾಳ ಬಂದರೆ ಮೈಕು ಕೊಟ್ಟು ಕೂರಿಸುತ್ತೇವೆ. ಮೊನ್ನೆ ಕಾರಿನಲ್ಲಿ ರೇಡಿಯೋ ಹಾಕಿದೆ. ಒಬ್ಬಾಕೆ 'ಕನಡ' ಅಂದಳು, 'ಎಲ್ರಿಗೂ ನಮಸ್ಕಾರ'ದಲ್ಲಿ ಕೊನೆಯ ಸ್ವರ ಗಾಳಿಗೆ ಹೋಯಿತು. ಪಕ್ಕದಲ್ಲಿದ್ದ ನನ್ನ ಹೆಂಡತಿ, 'ನೀವೂ ಸುಮ್ಮನೆಯನ್ನ ಸುಮ್ನೆ ಅಂತೀರಲ್ಲ' ಅಂದಳು. ನಿಜ, ಆಡುಮಾತಿನಲ್ಲಿ ನಾವೂ ಸ್ವರ ನುಂಗುತ್ತೇವೆ. ಆದರೆ ನಮ್ಮದು ಇದ್ದರೆ ಪೂರ್ತಿ ಇರುತ್ತದೆ, ಹೋದರೆ ಪೂರ್ತಿ ಹೋಗುತ್ತದೆ. ಮಧ್ಯದ ಬೂದು ಬಣ್ಣ ಕಡಿಮೆ. ಅವಳು ಒಪ್ಪಲಿಲ್ಲ.

ಮಗನಿಗೆ ಹೇಳಿ, ಅವನ ಕೆಲಸದಲ್ಲಿ ದಿನಾ ಬರುವ 20 ಪದ ಬರೆದುಕೊಳ್ಳಲಿ. ಡಿಕ್ಷನರಿಯಲ್ಲಿ ಒತ್ತು ಬೀಳುವ ಅಕ್ಷರದ ಹಿಂದೆ ಮೇಲುಗಡೆ ಒಂದು ಸಣ್ಣ ಗೀಟು ಇರುತ್ತದೆ. ಅದನ್ನು ನೋಡಿ ಆ ಅಕ್ಷರವನ್ನು ಕೊಂಚ ಎಳೆಯಲಿ, ಮಿಕ್ಕದ್ದು ತಾನೇ ಕುಗ್ಗುತ್ತದೆ. ಮೊದಲು 'ಹೋಟೆಲ್' ಹುಡುಕಲಿ, ಗೀಟು 'ಟೆ' ಹಿಂದೆ ಇರುತ್ತದೆ. ಫೋನಿನಲ್ಲಿ ಹಾಗೇ ಹೇಳಲಿ. ಸಂಜೆ ಕಾಫಿಗೆ ಹೊರಟಾಗ ಮಾತ್ರ ಆ 'ಟೆ'ಯನ್ನೇ ಪೂರ್ತಿ ನುಂಗಿ 'ಹೋಟ್ಲು' ಅನ್ನಲಿ, ನಾನೂ ನೀವೂ ಅನ್ನುವ ಹಾಗೆ.