ಗುಟ್ಟಿನ ದೂರಿಗೆ ಲಕೋಟೆ ಹೇಗಿರಬೇಕು?

ಪ್ರಶ್ನೆ: ಸಾರ್, ನಾನು ರಾಷ್ಟ್ರೀಕೃತ ಬ್ಯಾಂಕಿನ ತಾಲ್ಲೂಕು ಶಾಖೆಯಲ್ಲಿ ಕ್ಲರ್ಕ್. ಮ್ಯಾನೇಜರು ಒಬ್ಬ ಡೀಲರ್ ಜೊತೆ ಸೇರಿ, ಇಲ್ಲದ ಟ್ರ್ಯಾಕ್ಟರ್‌ಗೆ ಸಾಲ ಮಂಜೂರು ಮಾಡ್ತಿದ್ದಾರೆ. ಹೆಸರಿಲ್ಲದೆ ದೂರು ಬರೆದರೆ ಆಗುತ್ತಾ?

ಉತ್ತರ: ಆಗುವುದಿಲ್ಲ. ಈ ಅಂಕಣದಲ್ಲಿ ಇದನ್ನು ಹೇಳಿ ಹೇಳಿ ಸಾಕಾಗಿದೆ. ಹೆಸರು ಗುಟ್ಟಾಗಿರಬೇಕಾದರೆ ಮೊದಲು ಹೆಸರು ಕೊಡಬೇಕು, ಕೊಡಬೇಕಾದ ಕಡೆ ಮಾತ್ರ.

ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್ ಸತ್ಯೇಂದ್ರ ದುಬೆ ತಮ್ಮ ಹೆಸರು ಹೊರಗೆ ಬರಬಾರದೆಂದು ಕೇಳಿಕೊಂಡೇ ಪ್ರಧಾನಿ ಕಚೇರಿಗೆ ಪತ್ರ ಬರೆದಿದ್ದರು. ಆ ಪತ್ರ ಹೆಸರಿನ ಸಮೇತ ಹಲವು ಮೇಜು ಸುತ್ತಿತು. 2003ರ ನವೆಂಬರ್‌ನಲ್ಲಿ ಗಯಾದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಮರುವರ್ಷ ಕೇಂದ್ರ ಸರ್ಕಾರ, ಭ್ರಷ್ಟಾಚಾರದ ದೂರು ಕೊಟ್ಟವರ ಹೆಸರನ್ನು ಗುಟ್ಟಾಗಿಡಲು ಒಂದು ನಿರ್ಣಯ ಹೊರಡಿಸಿತು. ಅದನ್ನೇ ಪಿಐಡಿಪಿಐ ಅನ್ನುತ್ತಾರೆ. ಕೇಂದ್ರ ಸರ್ಕಾರದ ನೌಕರರು, ಅದರ ಕಂಪನಿಗಳು, ನಿಮ್ಮಂಥ ಬ್ಯಾಂಕುಗಳು ಇದರಡಿ ಬರುತ್ತವೆ. ದೂರು ತೆಗೆದುಕೊಳ್ಳುವುದು ದೆಹಲಿಯ ಕೇಂದ್ರ ಜಾಗೃತ ಆಯೋಗ, ಅಂದರೆ ಸಿವಿಸಿ.

ದೂರನ್ನು ಮುಚ್ಚಿದ ಲಕೋಟೆಯಲ್ಲಿ ಆಯೋಗದ ಕಾರ್ಯದರ್ಶಿಗೆ ಅಂಚೆಯಲ್ಲಿ ಕಳಿಸಿ. ಲಕೋಟೆ ಮೇಲೆ PIDPI ಎಂಬ ಐದು ಇಂಗ್ಲಿಷ್ ಅಕ್ಷರ ದೊಡ್ಡದಾಗಿ ಕಾಣಬೇಕು. ಅದಿಲ್ಲದಿದ್ದರೆ ಮಾಮೂಲಿ ದೂರಿನ ರಾಶಿಗೆ ಸೇರುತ್ತದೆ, ಗುಟ್ಟೂ ಹೋಯಿತು. ಲಕೋಟೆ ಮೇಲೆ ನಿಮ್ಮ ಹೆಸರು ಬೇಡ. ಹೆಸರು, ವಿಳಾಸ ಒಳಗಿನ ಪತ್ರದ ಮೊದಲಲ್ಲೋ ಕೊನೆಯಲ್ಲೋ ಅಥವಾ ಬೇರೆ ಹಾಳೆಯಲ್ಲೋ ಇರಲಿ. ಬ್ಯಾಂಕಿನ ವಿಳಾಸ ಮಾತ್ರ ಕೊಡಬೇಡಿ, ಮನೆಯದ್ದು ಕೊಡಿ. ಯಾಕೆಂದರೆ ದೂರು ಬರೆದದ್ದು ನೀವೇನಾ ಎಂದು ಕೇಳಿ ಆಯೋಗದ ಪತ್ರ ಅದೇ ವಿಳಾಸಕ್ಕೆ ಬರುತ್ತದೆ. ಅದಕ್ಕೆ ಉತ್ತರ ಕೊಡದೆ ಸುಮ್ಮನಿದ್ದರೆ ದೂರು ಮುಂದೆ ಹೋಗುವುದಿಲ್ಲ. ನೀವು ಒಪ್ಪಿದ ಮೇಲೆ ನಿಮ್ಮ ಹೆಸರು ತೆಗೆದು, ವಿಷಯವನ್ನಷ್ಟೇ ತನಿಖೆಗೆ ಕಳಿಸುತ್ತಾರೆ.

ಈ ರಕ್ಷಣೆಯನ್ನು ಹಾಳು ಮಾಡಿಕೊಳ್ಳುವವರು ಹೆಚ್ಚಾಗಿ ದೂರುದಾರರೇ. ಅದೇ ದೂರಿನ ಪ್ರತಿಯನ್ನು ವಲಯ ಕಚೇರಿಗೆ, ಯೂನಿಯನ್‌ಗೆ, ಒಬ್ಬ ಪತ್ರಕರ್ತರಿಗೆ ಕೊಟ್ಟಿರುತ್ತಾರೆ. ನೀವೇ ಬಯಲು ಮಾಡಿದ್ದನ್ನು ಆಯೋಗ ಮುಚ್ಚಿಡಬೇಕಾಗಿಲ್ಲ, ನಿರ್ಣಯದಲ್ಲೇ ಹಾಗಿದೆ. ದುಡ್ಡು ತೆಗೆದುಕೊಂಡು ದೂರು ಬರೆದುಕೊಡುವವರ ಹತ್ತಿರವಂತೂ ಹೋಗಲೇಬೇಡಿ. ಅವರ ಕಂಪ್ಯೂಟರಿನಲ್ಲಿ ನಿಮ್ಮ ದೂರು ಉಳಿಯುತ್ತದೆ. ನಾಳೆ ಅದನ್ನು ಮ್ಯಾನೇಜರಿಗೇ ತೋರಿಸಿ ಕಾಸು ಕೇಳಲು ಅವರಿಗೆ ಯಾರ ಅಡ್ಡಿ?

ಹೆಸರು ತೆಗೆದರೂ ಬರಹವೇ ನಿಮ್ಮನ್ನು ಹಿಡಿದುಕೊಡಬಹುದು. ‘ಕ್ಯಾಬಿನ್‌ಗೆ ಕರೆದು ಸಹಿ ಹಾಕು ಎಂದು ಬೈದರು’ ಎಂದು ಬರೆದರೆ ಅಲ್ಲಿ ಇದ್ದದ್ದು ನೀವಿಬ್ಬರೇ, ಅಲ್ವಾ? ಬದಲಿಗೆ ಹೊರಗಿನವರೂ ಪರೀಕ್ಷೆ ಮಾಡಬಹುದಾದದ್ದನ್ನು ಬರೆಯಿರಿ. ಮೂರ್ನಾಲ್ಕು ಸಾಲದ ಖಾತೆ ಸಂಖ್ಯೆ, ಡೀಲರ್ ಹೆಸರು, ಅವನ ಖಾತೆಗೆ ದುಡ್ಡು ಹೋದ ದಿನ ಸಾಕು. ನಿಜವಾದ ಟ್ರ್ಯಾಕ್ಟರ್ ಆಗಿದ್ದರೆ ಆರ್‌ಟಿಒ ನೋಂದಣಿ ಇರಬೇಕು, ಆರ್‌ಸಿಯಲ್ಲಿ ಬ್ಯಾಂಕಿನ ಸಾಲದ ನಮೂದು ಇರಬೇಕು. ಅದು ಯಾವ ಖಾತೆಗಳಲ್ಲಿ ಇಲ್ಲ ಎಂದು ತೋರಿಸಿ. ನೀವು ನೋಡಿಕೊಂಡ ಫೈಲುಗಳನ್ನಷ್ಟೇ ಪಟ್ಟಿ ಮಾಡಬೇಡಿ. ಮೂರು ಜನರ ಶಾಖೆಯಲ್ಲಿ ಯಾರೆಂದು ಊಹಿಸುವುದು ಕಷ್ಟವಲ್ಲ.

ಹಾಗಂತ ನಿಮ್ಮ ಕೆಲಸಕ್ಕೆ ಸೇರದ ಖಾತೆಗಳನ್ನು ಸಿಸ್ಟಮ್‌ನಲ್ಲಿ ತೆರೆದು ಹುಡುಕಲೂ ಬೇಡಿ. ನಿಮ್ಮ ಯೂಸರ್ ಐಡಿಯಲ್ಲಿ ಏನೇನು ನೋಡಿದಿರಿ ಎಂಬುದರ ಗುರುತು ಉಳಿಯುತ್ತದೆ. ಸ್ಕ್ರೀನ್‌ಶಾಟ್‌ನ ಮೂಲೆಯಲ್ಲೂ ಆ ಐಡಿ ಕಾಣುತ್ತದೆ. ಗ್ರಾಹಕರ ಸ್ಟೇಟ್‌ಮೆಂಟ್ ಮನೆಗೆ ಒಯ್ದರೆ ಅದನ್ನೇ ಹಿಡಿದು ನಿಮ್ಮ ಮೇಲೆ ಚಾರ್ಜ್‌ಶೀಟ್ ಹಾಕಬಹುದು. ಖಾತೆ ಸಂಖ್ಯೆ ಕೊಡಿ, ಕಾಗದವನ್ನು ತನಿಖೆಯವರು ತರಿಸಿಕೊಳ್ಳಲಿ.

ದೂರು ಕೊಟ್ಟದ್ದಕ್ಕೇ ಕಿರುಕುಳ ಶುರುವಾದರೆ ಮತ್ತೆ ಸಿವಿಸಿಗೇ ಬರೆಯಿರಿ. ಅದು ಬ್ಯಾಂಕಿಗೆ ನಿರ್ದೇಶನ ಕೊಡಬಹುದು, ಪೊಲೀಸ್ ರಕ್ಷಣೆಯನ್ನೂ ಕೇಳಬಹುದು. ಆದರೆ ಅವಧಿ ಮುಗಿದು ಬರುವ ವರ್ಗಾವಣೆಯನ್ನು ಅದು ತಪ್ಪಿಸುತ್ತದೆ ಅಂದುಕೊಳ್ಳಬೇಡಿ. ನಾನಾಗಿದ್ದರೆ ದೂರು ಹಾಕುವ ಮೊದಲೇ ನನ್ನ ರಜೆ, ಹಾಜರಿ, ಕ್ಯಾಶ್ ಎಲ್ಲ ಸರಿ ಇದೆಯಾ ನೋಡಿಕೊಳ್ಳುತ್ತಿದ್ದೆ.

ಪ್ರಶ್ನೆ: ಅಕ್ರಮ ಬಯಲು ಮಾಡುವವರ ರಕ್ಷಣೆಗೆ 2014ರ ಕಾಯ್ದೆ ಇದೆಯಲ್ಲ, ವಿಡಿಯೊದಲ್ಲಿ ಲಾಯರ್ ಒಬ್ಬರು ಹೇಳಿದರು.

ಉತ್ತರ: ಪುಸ್ತಕದಲ್ಲಿದೆ, ಇನ್ನೂ ಜಾರಿಗೇ ಬಂದಿಲ್ಲ. ಅದನ್ನು ಅವರು ಹೇಳಲಿಲ್ಲ ನೋಡಿ.

ಪ್ರಶ್ನೆ: ತಹಶೀಲ್ದಾರ್ ಕಚೇರಿ ಬಗ್ಗೆ ಸಿವಿಸಿಗೆ ಬರೆಯಬಹುದಾ?

ಉತ್ತರ: ಇಲ್ಲ, ಅದು ರಾಜ್ಯದ್ದು. ಲೋಕಾಯುಕ್ತಕ್ಕೆ ನಿಗದಿತ ನಮೂನೆ ಮತ್ತು ಅಫಿಡವಿಟ್ ಕೊಡಬೇಕು. ಅಲ್ಲಿ ಇದೇ ಥರದ ಗುಟ್ಟು ಸಿಗುತ್ತದೆಂದು ನಂಬಿ ಹೋಗಬೇಡಿ.

ಪ್ರಶ್ನೆ: ನಮ್ಮದು ಷೇರುಪೇಟೆಯಲ್ಲಿರುವ ಖಾಸಗಿ ಕಂಪನಿ. ಒಳಗಿನ ಅಕ್ರಮದ ಬಗ್ಗೆ ದೂರು ಕೊಡುವ ವಿಷಲ್‌ಬ್ಲೋವರ್ ಪಾಲಿಸಿಯಲ್ಲಿ ಮುಖ್ಯವಾಗಿ ಏನು ನೋಡಬೇಕು? ನಮ್ಮ ಬಾಸ್ ವಿಷಯವನ್ನು ಎಚ್‌ಆರ್‌ಗೆ ಹೇಳಿದ್ದೇನೆ.

ಉತ್ತರ: ಆಡಿಟ್ ಸಮಿತಿಯ ಅಧ್ಯಕ್ಷರಿಗೆ ನೇರವಾಗಿ ಬರೆಯುವ ದಾರಿಯನ್ನು ಹುಡುಕಿ. 2013ರ ಕಂಪನಿ ಕಾಯ್ದೆಯ 177ನೇ ಸೆಕ್ಷನ್ ಪ್ರಕಾರ ವಿಶೇಷ ಸಂದರ್ಭಗಳಲ್ಲಿ ಆ ದಾರಿ ಇರಲೇಬೇಕು. ಪದೇ ಪದೇ ಹುರುಳಿಲ್ಲದ ದೂರು ಕೊಟ್ಟರೆ ಕ್ರಮ ಎಂಬ ಸಾಲನ್ನೂ ಓದಿಕೊಳ್ಳಿ. ಅಂದಹಾಗೆ, ಪಾಲಿಸಿ ಓದುವ ಮೊದಲೇ ಎಚ್‌ಆರ್‌ಗೆ ಯಾಕೆ ಹೇಳಿದಿರಿ?